ಹೂಂಗುಟ್ಟುವಷ್ಟು ಬಿಡುವು: ಕಾಗಕ್ಕ ಗುಬ್ಬಕ್ಕನ ಕಥೆಗೆ ಧ್ವನಿ, ಚಿತ್ರ ಕೂಡಿಸಿದ ಆರು ವಾರಗಳ ದಿನಚರಿ

ಅಕ್ಕನ ಮಕ್ಕಳಿಬ್ಬರಿಗೆ, ಒಬ್ಬಳಿಗೆ ಏಳು ವರ್ಷ, ಇನ್ನೊಬ್ಬನಿಗೆ ನಾಲ್ಕು, ನಮ್ಮ ಅಮ್ಮ ರಾತ್ರಿ ಹೇಳುವ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಅವರು ಊರಿಗೆ ಮರಳಿದ ಮೇಲೂ ಕೇಳುವಂತೆ ಮಾಡಿಕೊಡಬೇಕೆಂದು ಜೂನ್ ಮೊದಲ ವಾರ ಸಾಗರದ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದೆ. ಎರಡು ವಾರದಲ್ಲಿ ಮುಗಿದೀತೆಂದುಕೊಂಡದ್ದು ಆರು ವಾರ ಹಿಡಿಯಿತು. ಕೊನೆಗೆ ಕೈಗೆ ಬಂದದ್ದು ಹದಿನಾಲ್ಕು ಚಿತ್ರಗಳಿರುವ, 8 ನಿಮಿಷ 40 ಸೆಕೆಂಡಿನ ಒಂದು ವಿಡಿಯೊ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೂ ಮನೆಮನೆಗೆ ಬೇರೆಯಾಗುವುದರಿಂದ ನಮ್ಮ ಮನೆಯ ರೂಪವನ್ನು ಹೇಳಿಬಿಡುತ್ತೇನೆ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆಗೆ ಸಗಣಿಯ ಮನೆ ಕರಗಿ ಹೋಗುತ್ತದೆ. ಕಾಗಕ್ಕ ನೆನೆಯುತ್ತ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತದೆ. ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ನೀರು ಹಾಕುತ್ತಿದ್ದೇನೆ, ಕಾಡಿಗೆ ಇಡುತ್ತಿದ್ದೇನೆ, ಉಣ್ಣಿಸುತ್ತಿದ್ದೇನೆ, ತೂಗುತ್ತಿದ್ದೇನೆ ಎಂದು ಗುಬ್ಬಕ್ಕ ಐದು ಸಲ ಕಾಯಿಸಿ ಆಮೇಲೆ ಬಾಗಿಲು ತೆಗೆಯುತ್ತದೆ. ಕಾಗಕ್ಕ ಕಡಲೆಮೂಟೆಯ ಮೇಲೆ ಮಲಗಿ ರಾತ್ರಿಯೆಲ್ಲ ಕಟುಂ ಕುಟುಂ ಎಂದು ಕಡಲೆ ತಿನ್ನುತ್ತದೆ, ಏನು ಸದ್ದು ಎಂದು ಕೇಳಿದರೆ ಅಡಿಕೆಚೂರು ಎನ್ನುತ್ತದೆ, ಬೆಳಗಾಗುವಷ್ಟರಲ್ಲಿ ಮೂಟೆ ಖಾಲಿಯಾಗಿರುತ್ತದೆ.

ಜೂನ್ 2. ನನ್ನ ಓದು

ಮೊದಲು ಮಾಡಿದ್ದೇ ತಪ್ಪು. ಅಮ್ಮ ಹೇಳಿದ್ದನ್ನು ಕೇಳಿ, ತಿದ್ದಿ, ಸುಮಾರು 540 ಪದಗಳ ಬರಹ ಮಾಡಿಕೊಂಡು ನಾನೇ ಓದಿದೆ. ಕೊರಳಪಟ್ಟಿಗೆ ಸಿಕ್ಕಿಸುವ 850 ರೂಪಾಯಿಯ ಮೈಕನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿಮುದ್ರಿಸಿಕೊಂಡೆ. ಕೋಣೆಯ ಪ್ರತಿಧ್ವನಿ ತಡೆಯಲು ಎರಡು ಗೋಡೆಗೆ ಕೌದಿಗಳನ್ನು ಇಳಿಬಿಟ್ಟಿದ್ದೆ. ಅದೊಂದು ಮೊದಲ ದಿನವೇ ಸರಿಹೋಯಿತು.

ಓದು 4 ನಿಮಿಷ 20 ಸೆಕೆಂಡಿನಲ್ಲಿ ಮುಗಿಯಿತು, ಅಂದರೆ ನಿಮಿಷಕ್ಕೆ 125 ಪದ. ಉಚ್ಚಾರಣೆ ಸ್ಪಷ್ಟವಾಗಿತ್ತು, ತಪ್ಪಿರಲಿಲ್ಲ. ಆದರೆ ಚಿಕ್ಕವನು ಎರಡನೆಯ ನಿಮಿಷಕ್ಕೆ ಎದ್ದು ಹೋದ, ದೊಡ್ಡವಳು "ಅಜ್ಜಿ ಹೇಳೋ ಕಥೆ ಅಲ್ಲ ಇದು" ಎಂದಳು. ಪದಗಳೆಲ್ಲ ಅಜ್ಜಿಯವೇ ಆಗಿದ್ದರಿಂದ ಕೊರತೆ ವೇಗದಲ್ಲಿ ಮಾತ್ರ ಇದೆಯೆಂದು ತಿಳಿದುಕೊಂಡೆ.

ಜೂನ್ 4. ಎಳೆದು ಉದ್ದ ಮಾಡಿದ ಧ್ವನಿ

ಆಡಾಸಿಟಿಯ `Change Tempo` ಬಳಸಿ, ಸ್ವರದ ಎತ್ತರ ಬದಲಾಗದಂತೆ, ಇಡೀ ಓದನ್ನು ನೂರಕ್ಕೆ ಇಪ್ಪತ್ತರಷ್ಟು ನಿಧಾನಗೊಳಿಸಿದೆ. ಕೇಳಲು ನಿದ್ದೆಗಣ್ಣಿನಲ್ಲಿ ಓದಿದಂತಾಯಿತು. ಕನ್ನಡದಲ್ಲಿ ಹೀಗೆ ಎಳೆಯುವುದು ಇನ್ನೊಂದು ಕಾರಣಕ್ಕೂ ಕೆಡುತ್ತದೆ: ನಮ್ಮಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಅರ್ಥ ಬೇರೆ. ಹಳೆ ಎಂದದ್ದು ಹಾಳೆಯ ಹತ್ತಿರಕ್ಕೆ ಜರುಗುತ್ತದೆ, ಕಾಗಕ್ಕ ಎನ್ನುವಲ್ಲಿ ಒತ್ತಕ್ಷರದ ಬಿಗಿ ಸಡಿಲಿ ಕೊನೆಯ ಅಕಾರ ಬಾಲ ಬಿಡುತ್ತದೆ. ದೊಡ್ಡವರು ಸಂದರ್ಭ ನೋಡಿ ಸರಿಪಡಿಸಿಕೊಳ್ಳುತ್ತಾರೆ, ನಾಲ್ಕು ವರ್ಷದವನು ಮಾತ್ರ "ಏನಂದ್ರು?" ಎಂದು ಪ್ರತಿ ಸಲ ನನ್ನ ಮುಖ ನೋಡಿದ. ಆ ಕಡತವನ್ನು ಅಳಿಸಿದೆ.

ಜೂನ್ 7ರಿಂದ 11. ಅಮ್ಮನ ಕಥೆ, ಮೊಮ್ಮಗಳ ಹೂಂ

ಬರಹವನ್ನು ಪಕ್ಕಕ್ಕಿಟ್ಟು ಅಮ್ಮನನ್ನೇ ಕೂರಿಸಿದೆ. ಒಬ್ಬಳೇ ಮೈಕಿನೆದುರು ಹೇಳು ಎಂದಾಗ ಅವಳೂ ನನ್ನಂತೆಯೇ ಓಡಿದಳು. "ಹೂಂ ಅನ್ನೋರು ಇಲ್ಲದೆ ಯಾರಿಗೆ ಹೇಳಲಿ?" ಎಂದು ಎದ್ದೂಬಿಟ್ಟಳು. ನನಗೆ ಹೊಳೆಯದೇ ಇದ್ದದ್ದು ಅದು. ನಮ್ಮಲ್ಲಿ ಕಥೆ ಹೇಳುವವರಿಗೆ ಕೇಳುವವರು ವಾಕ್ಯಕ್ಕೊಮ್ಮೆ ಹೂಂಗುಟ್ಟುತ್ತಾರೆ. ಹೂಂ ಬಾರದಿದ್ದರೆ ಮಗು ಮಲಗಿತೆಂದು ಕಥೆ ನಿಲ್ಲುತ್ತದೆ. ಹೇಳುವವರ ಗತಿಯನ್ನು ಹಿಡಿದಿಡುವುದೇ ಆ ಹೂಂ.

ದೊಡ್ಡವಳನ್ನು ಎದುರಿಗೆ ಕೂರಿಸಿ ಇನ್ನೊಮ್ಮೆ ಮುದ್ರಿಸಿದಾಗ ಅದೇ ಕಥೆ 7 ನಿಮಿಷ 10 ಸೆಕೆಂಡಾಯಿತು. ಅಲೆಯ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಅಳೆದು ನೋಡಿದೆ. ವಾಕ್ಯದ ಒಳಗೆ ಅಮ್ಮನ ವೇಗಕ್ಕೂ ನನ್ನ ವೇಗಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ವಾಕ್ಯಗಳ ನಡುವೆ ನಾನು ಬಿಟ್ಟಿದ್ದದ್ದು ಅರ್ಧ ಸೆಕೆಂಡಿಗೂ ಕಡಿಮೆ, ಅಮ್ಮ ಬಿಟ್ಟದ್ದು 1.3ರಿಂದ 1.6 ಸೆಕೆಂಡು, ಬಾಗಿಲು ತಟ್ಟಿದ ಮೇಲೆ ಕಾಯುವಲ್ಲಿ ಎಂಟೊಂಬತ್ತು ಸೆಕೆಂಡು ಕೂಡ. ಹೆಚ್ಚಿದ ಸುಮಾರು ಮೂರು ನಿಮಿಷದಲ್ಲಿ ಬಹುಪಾಲು ಈ ಬಿಡುವುಗಳೇ. ನಿಧಾನ ಎಂದರೆ ಪದವನ್ನು ಎಳೆಯುವುದೆಂದು ತಿಳಿದು ನಾನು ಎರಡು ದಿನ ಕಳೆದಿದ್ದೆ.

ಸಮಸ್ಯೆ ಹುಟ್ಟಿದ್ದು ಹೂಂ ಅನ್ನು ಕತ್ತರಿಸಿ ತೆಗೆಯುವಾಗ. ಹುಡುಗಿ ಆತುರದವಳು, ಅಜ್ಜಿಯ ವಾಕ್ಯದ ಬಾಲ ಮುಗಿಯುವ ಮೊದಲೇ ಹೂಂ ಎಂದುಬಿಡುತ್ತಿದ್ದಳು; ಅದನ್ನು ಕತ್ತರಿಸಿದರೆ ಕ್ರಿಯಾಪದದ ಕೊನೆಯೂ ಹೋಗುತ್ತಿತ್ತು. ತೊಂಬತ್ತಕ್ಕೂ ಮಿಕ್ಕಿ ಹೂಂಗಳಲ್ಲಿ ಮೂವತ್ತರಷ್ಟು ಹೀಗೆ ಅಂಟಿಕೊಂಡಿದ್ದವು. ಮರುದಿನ ಬಾಯಲ್ಲಿ ಹೂಂ ಎನ್ನುವ ಬದಲು ಬೆರಳೆತ್ತು ಎಂದೆ. ನಾಲ್ಕು ವಾಕ್ಯ ಎತ್ತಿದಳು, ಕಥೆಯಲ್ಲಿ ಮುಳುಗಿ ಮರೆತಳು, ಅಮ್ಮ ನಿಲ್ಲಿಸಿದಳು. ಕೊನೆಗೆ ಮಾಡಿದ್ದು ಇಷ್ಟು: ಮಗುವನ್ನು ಪಡಸಾಲೆಯಲ್ಲಿ ಕೂರಿಸಿ, ನಡುವೆ ಗಾಜಿನ ಕಿಟಕಿ ಮುಚ್ಚಿ, ಅಜ್ಜಿಯ ಧ್ವನಿ ಒಂದು ಇಯರ್‌ಫೋನಿನಲ್ಲಿ ಮಗುವಿಗೆ ಕೇಳುವಂತೆ ಮಾಡಿದೆ. ಅಲ್ಲಿ ಅವಳು ಹೂಂ ಎಂದಾಗ ತಲೆಯಾಡುವುದು ಅಮ್ಮನಿಗೆ ಗಾಜಿನಾಚೆ ಕಾಣುತ್ತಿತ್ತು, ಸದ್ದು ಮೈಕಿಗೆ ಬರುತ್ತಿರಲಿಲ್ಲ. ಈ ಮುದ್ರಿಕೆಯನ್ನೇ ಉಳಿಸಿಕೊಂಡೆ. ಒಂದೆರಡು ಕಡೆ ಮೊದಲ ದಿನದ ಮುದ್ರಿಕೆ ಹೆಚ್ಚು ಜೀವಂತವಾಗಿತ್ತು, ಅಲ್ಲಿಂದ ಆ ತುಣುಕುಗಳನ್ನು ಎತ್ತಿಕೊಂಡೆ.

ಧ್ವನಿಯ ಬಗ್ಗೆ ಇನ್ನೆರಡು ವಿಷಯ. ಗುಬ್ಬಕ್ಕ, ಬಾಗಿಲು ಎಂಬ ಪದಗಳು ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಬಕಾರ, ಅದರಲ್ಲೂ ಬ್ಬ ಒತ್ತು, ಮೈಕಿಗೆ ಗಾಳಿ ಊದಿ ದಪ್ಪೆಂದು ಬಡಿಯುತ್ತದೆ. ಮೈಕನ್ನು ಬಾಯಿಯ ನೇರದಿಂದ ತಪ್ಪಿಸಿ, ಕೆನ್ನೆಯ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಇಟ್ಟಾಗ ಅದು ನಿಂತಿತು. ಜೂನ್ ತಿಂಗಳ ಸಾಗರದಲ್ಲಿ ಮಳೆ, ಜೀರುಂಡೆ, ಕಪ್ಪೆ ಮೂರೂ ಒಟ್ಟಿಗೆ ಸುಮ್ಮನಿರುವ ಹೊತ್ತು ಸಿಗುವುದು ಕಷ್ಟ. ನಮಗೆ ಸಿಕ್ಕದ್ದು ಮಳೆ ಹೊಳವಾದ ಎರಡು ಮಧ್ಯಾಹ್ನಗಳು ಮಾತ್ರ.

ಜೂನ್ 13. ಒಂದು ಗುಂಡಿ ಒತ್ತಿ ಕೆಡಿಸಿದ್ದು

ಮುದ್ರಿಕೆಯನ್ನು ಚೊಕ್ಕಗೊಳಿಸುವಾಗ `Truncate Silence` ಎಂಬುದನ್ನು ಅರ್ಧ ಸೆಕೆಂಡಿಗೆ ಇಟ್ಟು ಓಡಿಸಿದೆ. ಅನಗತ್ಯ ಮೌನವನ್ನು ತೆಗೆಯುತ್ತದೆ ಎಂಬ ಭರವಸೆಯಲ್ಲಿ. ಐದು ದಿನ ಕಷ್ಟಪಟ್ಟು ಗಳಿಸಿದ ಬಿಡುವುಗಳೆಲ್ಲ ಒಂದೇ ಏಟಿಗೆ ಹೋದವು, ಮತ್ತು ನಾನು ಅದರ ಮೇಲೆಯೇ ಉಳಿಸಿ ಲ್ಯಾಪ್‌ಟಾಪ್ ಮುಚ್ಚಿದ್ದೆ. ಮೂಲ ಕಡತದ ಪ್ರತಿ ಫೋನಿನಲ್ಲಿ ಇದ್ದದ್ದರಿಂದ ಬದುಕಿದೆ. ಅಂದಿನಿಂದ ಪ್ರತಿ ಹಂತವನ್ನೂ ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದೇನೆ.

ಕೆಮ್ಮು, ಬಳೆಯ ಸದ್ದು ಇದ್ದ ಕಡೆ ಬರಿಯ ಮೌನ ತುಂಬಿದಾಗಲೂ ಒಂದು ತೊಡಕಾಯಿತು. ಗಣಕಯಂತ್ರದ ಮೌನವೆಂದರೆ ಪೂರ್ಣ ಶೂನ್ಯ. ಕೋಣೆಯ ಸಣ್ಣ ಗುಂಯ್ ಒಮ್ಮೆಲೇ ಕಡಿದು ಮತ್ತೆ ಹುಟ್ಟುವುದರಿಂದ ಧ್ವನಿ ತುಂಡಾದಂತೆ ಕೇಳುತ್ತದೆ. ಯಾರೂ ಮಾತಾಡದೆ ಕೋಣೆಯನ್ನೇ ಒಂದು ನಿಮಿಷ ಮುದ್ರಿಸಿಕೊಂಡು, ಆ ತುಣುಕನ್ನು ಬಿಡುವುಗಳಿಗೆ ತುಂಬಿದೆ.

ಜೂನ್ 15ರಿಂದ 25. ಚಿತ್ರಗಳು

ಎ4 ಅಳತೆಯ 300 ಜಿಎಸ್‌ಎಂ ಜಲವರ್ಣದ ಕಾಗದ ಇಪ್ಪತ್ತು ಹಾಳೆ ತಂದೆ. ಮೊದಲ ಮೂರು ಚಿತ್ರಗಳನ್ನು ಅಂಚಿನವರೆಗೆ ತುಂಬಿ ಬರೆದು, ವಿಡಿಯೊದ 16:9 ಚೌಕಟ್ಟಿನಲ್ಲಿಟ್ಟು ನೋಡಿದರೆ ಕಾಗಕ್ಕನ ಕಾಲು ಕತ್ತರಿಸಿಹೋಗಿತ್ತು. ಎ4 ಹಾಳೆ ಅಷ್ಟು ಅಗಲಕ್ಕೆ ಹೆಚ್ಚು ಎತ್ತರದ್ದು. ಆಮೇಲೆ ಪ್ರತಿ ಹಾಳೆಯಲ್ಲೂ ಪೆನ್ಸಿಲಿನಿಂದ 280 ಮಿ.ಮೀ. ಅಗಲ, 157.5 ಮಿ.ಮೀ. ಎತ್ತರದ ಚೌಕಟ್ಟು ಎಳೆದುಕೊಂಡು ಅದರೊಳಗೇ ಬರೆದೆ. ಇದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 3,300ರಷ್ಟು ಪಿಕ್ಸೆಲ್ ಸಿಗುತ್ತವೆ, 1920 ಅಗಲದ ವಿಡಿಯೊದಲ್ಲಿ ಸ್ವಲ್ಪ ಹತ್ತಿರ ಹೋಗಿ ತೋರಿಸಲೂ ಸಾಕು.

ಎರಡನೆಯ ತಪ್ಪು ಗುಬ್ಬಕ್ಕನದು. ಫೋನಿನಲ್ಲಿ ಸಿಕ್ಕಿದ ಚೆಂದದ ಗುಬ್ಬಿಯ ಫೋಟೊ ನೋಡಿ ಎರಡು ಚಿತ್ರ ಮುಗಿಸಿದ್ದೆ. ಅಮ್ಮ ನೋಡಿ, "ಗಂಡುಗುಬ್ಬಿಯನ್ನು ತಂದು ಮಗು ತೂಗಿಸ್ತಾ ಇದೀಯಲ್ಲ" ಎಂದಳು. ಕೊರಳಿನ ಕೆಳಗೆ ಕಪ್ಪು ಮಚ್ಚೆ, ಬೂದುಬಣ್ಣದ ನೆತ್ತಿ ಇರುವುದು ಗಂಡಿಗೆ. ಹೆಣ್ಣಿನದು ತಿಳಿಗಂದು ಮೈ, ಕಣ್ಣಿನ ಹಿಂದಕ್ಕೆ ಒಂದು ಮಾಸಲು ಪಟ್ಟೆ ಅಷ್ಟೆ. ಎರಡನ್ನೂ ಮತ್ತೆ ಬರೆದೆ. ಹೀಗೆ ಹತ್ತೊಂಬತ್ತು ಹಾಳೆ ಖರ್ಚಾಗಿ ಹದಿನಾಲ್ಕು ಚಿತ್ರ ಉಳಿದವು.

ಕಾಗಕ್ಕನಿಗೆ ನೇರ ಕಪ್ಪು ಬಣ್ಣ ಹಚ್ಚಬಾರದೆಂಬುದು ಸ್ಕ್ಯಾನ್ ಆದ ಮೇಲೆ ತಿಳಿಯಿತು. ರೆಕ್ಕೆ, ಮೈ, ಕಣ್ಣು ಎಲ್ಲ ಒಂದೇ ಮಸಿಯ ಮುದ್ದೆಯಾಗಿ ಕಂಡವು. ನೀಲಿ ಮತ್ತು ಕಡುಗಂದು ಬೆರೆಸಿ ಕಪ್ಪಿನ ಹತ್ತಿರದ ಬಣ್ಣ ಮಾಡಿಕೊಂಡು, ಊರುಕಾಗೆಯ ಕುತ್ತಿಗೆಯ ಬೂದುಬಣ್ಣವನ್ನು ಬಿಟ್ಟುಕೊಂಡಾಗ ಮುಖ ಎದ್ದು ಬಂತು. ಆ ಬೂದುಕೊರಳು ಇನ್ನೊಂದು ಕೆಲಸವನ್ನೂ ಮಾಡಿತು: ಹದಿನಾಲ್ಕು ಚಿತ್ರಗಳಲ್ಲೂ ಇದೇ ಕಾಗಕ್ಕ ಎಂದು ಚಿಕ್ಕವನು ಗುರುತಿಸಿದ್ದು ಅದರಿಂದಲೇ.

ಜೂನ್ 27ರಿಂದ ಜುಲೈ 4. ಮಳೆ, ಗುಡುಗು, ಕಡಲೆ

ಹೊರಗೆ ನಿಜವಾದ ಮಳೆ ಸುರಿಯುತ್ತಿದ್ದಾಗ ಸದ್ದಿಗೆ ಬೇರೆ ಕಡೆ ಹೋಗಬೇಕೆ ಎಂದು ಜಗಲಿಯಲ್ಲಿ ನಿಂತು ಹೆಂಚಿನ ಮಳೆಯನ್ನು ಹತ್ತು ನಿಮಿಷ ಮುದ್ರಿಸಿದೆ. ಕೇಳಿದರೆ ರೇಡಿಯೊ ಸ್ಟೇಷನ್ ಸಿಗದಾಗಿನ ಬುಸುಗುಟ್ಟುವಿಕೆ. ಸಾವಿರಾರು ಹನಿಗಳು ಒಂದಾಗಿ ಬಿದ್ದಾಗ ಹನಿಯೇ ಕೇಳುವುದಿಲ್ಲ. ಕಣ್ಣಿಗೆ ಮಳೆ ಕಾಣುವಾಗ ಮಾತ್ರ ಕಿವಿ ಅದನ್ನು ಮಳೆಯೆಂದು ಒಪ್ಪುತ್ತದೆ. ಮೊರದಲ್ಲಿ ಒಂದು ಹಿಡಿ ರಾಗಿ ಹಾಕಿ, ಮೈಕಿನ ಮೇಲ್ಗಡೆ ನಿಧಾನವಾಗಿ ಅತ್ತಿತ್ತ ಓರೆ ಮಾಡಿದಾಗ ಬಂದ ಸದ್ದು ಹೆಚ್ಚು ಮಳೆಯಂತಿತ್ತು. ಜೋರು ಮಳೆಗೆ ಎರಡು ಹಿಡಿ ಅಕ್ಕಿ ಬೆರೆಸಿದೆ. ಅಕ್ಕಿ ಮಾತ್ರ ಹಾಕಿದರೆ ಅಕ್ಕಿ ಕೇರುವ ಸದ್ದೇ ಕೇಳುತ್ತದೆ, ನಮ್ಮ ಮನೆಯ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಕಡಲೆಯ ಸದ್ದಿಗೆ ಮೂರು ಪ್ರಯತ್ನ. ಹುರಿಗಡಲೆಯನ್ನು ಮೈಕಿನ ಹತ್ತಿರ ಜಗಿದೆ. ಬಾಯಿಯ ತೇವದ ಸದ್ದೇ ಮುಂದಾಗಿ "ಯಾರೋ ಊಟ ಮಾಡ್ತಿದಾರೆ" ಎಂಬ ತೀರ್ಪು ಬಂತು. ಒಣ ಅಡಿಕೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿದೆ. ಅದು ಗಟ್ಟಿ, ಒಮ್ಮೆಲೇ ಠಣ್ ಎಂದು ಸಿಡಿಯಿತು. ಒಣ ಕಡಲೆಕಾಳನ್ನು ಅದೇ ಅಡಕತ್ತರಿಯಲ್ಲಿ ಒತ್ತಿದಾಗ ಕಟುಂ ಬಂತು, ಅಡಕತ್ತರಿಯನ್ನು ಮರದ ಮಣೆಗೆ ಆನಿಸಿ ಒತ್ತಿದಾಗ ಅದಕ್ಕಿಂತ ತಗ್ಗಿನ ಕುಟುಂ ಬಂತು. ಕಾಗಕ್ಕ ಅಡಿಕೆಚೂರು ಎಂದು ಸುಳ್ಳು ಹೇಳುವ ಜಾಗದಲ್ಲಿ ಅಡಕತ್ತರಿಯ ಸದ್ದೇ ಇರುವುದು ನನಗೆ ಒಳಗೊಳಗೇ ಖುಷಿ ಕೊಟ್ಟಿತು, ಅದು ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಹೆಚ್ಚು ದಿನ ತಿಂದದ್ದು ಗುಡುಗು. ಗುಜರಿಯಿಂದ 70 ರೂಪಾಯಿಗೆ ತಂದ ಎರಡೂವರೆ ಅಡಿಯ ತೆಳು ತಗಡನ್ನು ಒಂದು ಮೂಲೆ ಹಿಡಿದು ಅಲುಗಿಸಿದರೆ ಗುಡುಗು ಸೊಗಸಾಗಿ ಉರುಳುತ್ತದೆ. ಹೆಡ್‌ಫೋನಿನಲ್ಲಿ ಕೇಳುತ್ತ, ಗಾಂಭೀರ್ಯ ಬರಲೆಂದು ಎತ್ತರದ ಸ್ವರಗಳನ್ನು ಇಳಿಸಿ, ತಗ್ಗಿನ ಗುಡುಗುಡು ಮಾತ್ರ ಉಳಿಸಿದೆ. ಫೋನಿನಲ್ಲಿ ಹಾಕಿದರೆ ಗುಡುಗೇ ಇಲ್ಲ! ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ, ನಾನು ಉಳಿಸಿದ್ದು ಅವನ್ನೇ. ಕಾರಣ ಯೋಚಿಸದೆ ಗುಡುಗಿನ ಮಟ್ಟವನ್ನು ಏರಿಸಿದೆ, ಇನ್ನೂ ಏರಿಸಿದೆ. ಫೋನಿನಲ್ಲಿ ಸಣ್ಣಗೆ ಕೇಳತೊಡಗಿತು. ಸಂಜೆ ಅದನ್ನೇ ಟಿವಿಗೆ ಹಾಕಿದೆ. ಟಿವಿಯ ಸ್ಪೀಕರ್ ದೊಡ್ಡದು, ಏರಿಸಿದ್ದೆಲ್ಲ ಅಲ್ಲಿ ಪೂರ್ತಿ ಹೊರಬಂತು. ಚಿಕ್ಕವನು ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿಗೆ ಹೋದವನು ಎರಡು ದಿನ ಆ ಕಥೆ ಬೇಡವೆಂದ.

ಸರಿಪಡಿಸಿದ್ದು ಹೀಗೆ. ಇಳಿಸಿದ್ದ ಎತ್ತರದ ಸ್ವರಗಳನ್ನು, ಅಂದರೆ ತಗಡಿನ ಗಲಗಲ ಸದ್ದನ್ನು, ತೆಳುವಾಗಿ ಮರಳಿ ಸೇರಿಸಿದೆ. ಫೋನಿನಲ್ಲಿ ಗುಡುಗೆಂದು ತಿಳಿಯಲು ಅದು ಸಾಕು. ತಗ್ಗಿನ ಪದರವನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ. ಗುಡುಗು ಥಟ್ಟನೆ ಬರದೆ ಎರಡು ಸೆಕೆಂಡಿನಲ್ಲಿ ಮೆಲ್ಲನೆ ಏರುವಂತೆ ಮಾಡಿ, ಅಮ್ಮನ ಧ್ವನಿಯ ಅತಿ ಎತ್ತರದ ಮಟ್ಟವನ್ನು ಅದು ಎಲ್ಲಿಯೂ ಮೀರದಂತೆ ನೋಡಿಕೊಂಡೆ. ಆಮೇಲೆ ಯಾವ ಬದಲಾವಣೆ ಮಾಡಿದರೂ ಫೋನು, ಟಿವಿ, ಹೆಡ್‌ಫೋನು ಮೂರರಲ್ಲೂ ಕೇಳಿದ ಮೇಲಷ್ಟೇ ಮುಂದೆ ಹೋದೆ.

ಜುಲೈ 5ರಿಂದ 9. ಸದ್ದು ಎಲ್ಲಿ ಕೂರಬೇಕು

ಮಳೆಯನ್ನು ಕಥೆಯ ಉದ್ದಕ್ಕೂ ಮಾತಿನ ಹಿಂದೆ ಹರಿಸಿದಾಗ ಅಮ್ಮನ ಸ, ಶ, ಚ ಎಲ್ಲ ಮಳೆಯಲ್ಲಿ ಕೊಚ್ಚಿಹೋದವು, ಏಕೆಂದರೆ ಆ ವ್ಯಂಜನಗಳೂ ಮಳೆಯಂತೆ ಬುಸುಗುಟ್ಟುವ ಸದ್ದುಗಳೇ. ಮಾತು ಬಂದಾಗ ಮಳೆಯನ್ನು ತಾನಾಗಿ ತಗ್ಗಿಸುವ `Auto Duck` ಪ್ರಯತ್ನಿಸಿದೆ. ಪ್ರತಿ ವಾಕ್ಯದ ಕೊನೆಗೂ ಮಳೆ ಉಬ್ಬಿ, ಮುಂದಿನ ವಾಕ್ಯಕ್ಕೆ ಕುಗ್ಗಿ, ಯಾರೋ ಉಸಿರಾಡುತ್ತಿರುವಂತೆ ಕೇಳಿತು; ಹೂಂ ಬಿಡುವುಗಳು ಅಷ್ಟೊಂದು ಇರುವ ಕಥೆಗೆ ಅದು ಹೊಂದುವುದೇ ಇಲ್ಲ.

ಕೊನೆಗೆ ಕೈಯಿಂದಲೇ ಮಾಡಿದೆ. ಮಾತಿನ ಹಿಂದೆ ಮಳೆಯನ್ನು ಸುಮಾರು 20 ಡೆಸಿಬೆಲ್ ಕೆಳಗಿಟ್ಟು, ಅದರಲ್ಲಿ ಎರಡರಿಂದ ಐದು ಸಾವಿರ ಹರ್ಟ್ಸ್ ನಡುವಿನ ಭಾಗವನ್ನು ಇನ್ನೂ ಇಳಿಸಿದೆ. ಉಳಿದ ಎಲ್ಲ ಸದ್ದುಗಳಿಗೂ ಒಂದೇ ಕಟ್ಟಳೆ: ಮಾತು ಮುಗಿದ ಮೇಲೆ, ಹೂಂ ಇದ್ದ ಜಾಗದಲ್ಲಿ ಸದ್ದು ಬರಬೇಕು. "ಬಾಗಿಲು ತಟ್ಟಿತು" ಎಂದ ಮೇಲೆ ಅರ್ಧ ಸೆಕೆಂಡು ಬಿಟ್ಟು ತಟ್ಟುವ ಸದ್ದು. ಮಾತಿನ ಜತೆಯಲ್ಲೇ ಸದ್ದು ಬಂದರೆ ಮಗು ಎರಡರಲ್ಲಿ ಒಂದನ್ನು ಬಿಡುತ್ತದೆ, ಬಿಡುವುದು ಮಾತನ್ನೇ.

ಬಾಗಿಲಿನ ಐದು ಸರದಿಗಳಲ್ಲಿ ಒಂದೇ ತಟ್ಟುವಿಕೆಯನ್ನು ಐದು ಸಲ ಅಂಟಿಸಿದ್ದೆ. ಮೂರನೆಯ ಸಲಕ್ಕೆ ಚಿಕ್ಕವನ ಕಣ್ಣು ಪರದೆಯಿಂದ ಹೋಯಿತು. ಅಮ್ಮ ಹೇಳುವಾಗ ಹಾಗಾಗುವುದಿಲ್ಲವಲ್ಲ ಎಂದು ಮತ್ತೆ ಕೇಳಿದರೆ, ಅವಳು ಪ್ರತಿ ಸಲವೂ ಕಾಗಕ್ಕನ ಧ್ವನಿಯನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಳು, ನೆನೆದು ಸೋತಂತೆ. ಹಳೆಯ ಹಲಸಿನ ಹಲಗೆಯ ಮೇಲೆ ಐದು ಬೇರೆ ತಟ್ಟುವಿಕೆ ಮುದ್ರಿಸಿದೆ: ಮೊದಲನೆಯದು ಬೆರಳ ಗೆಣ್ಣಿನಿಂದ ಮೂರು ಏಟು, ಕೊನೆಯದು ಬೆರಳ ತುದಿಯಿಂದ ಒಂದೇ ಏಟು. ನಡುವಿನ ಮಳೆಯನ್ನು ಪ್ರತಿ ಸಲಕ್ಕೂ ತುಸು ಏರಿಸಿದೆ. ಕೊನೆಯ ಒಂದೇ ಏಟಿನ ಬಳಿಕದ ಎಂಟು ಸೆಕೆಂಡಿನಲ್ಲಿ ಅವನು ತಾನೇ "ಗುಬ್ಬಕ್ಕಾ, ತೆಗಿಯೇ" ಎಂದ.

ಜುಲೈ 10ರಿಂದ 14. ಜೋಡಣೆ

ಚಿತ್ರಗಳೆಲ್ಲ ಮೆಲ್ಲನೆ ಹತ್ತಿರ ಬರುವಂತೆ ಮಾಡಿದರೆ ಚೆನ್ನ ಎಂದುಕೊಂಡಿದ್ದೆ. ಎರಡು ತೊಂದರೆಗಳು. ಚಲನೆ ನಡುಗುತ್ತಿತ್ತು, ನಾನು ಬಳಸಿದ ffmpeg ತಂತ್ರಾಂಶದ `zoompan` ಜಾಗವನ್ನು ಇಡೀ ಪಿಕ್ಸೆಲಿಗೆ ಸರಿಮಾಡುವುದರಿಂದ ನಿಧಾನ ಚಲನೆಯಲ್ಲಿ ಈ ಕುಪ್ಪಳಿಕೆ ಕಾಣುತ್ತದೆ. ಮೊದಲು ಚಿತ್ರವನ್ನು ಬಹಳ ದೊಡ್ಡದು ಮಾಡಿಕೊಂಡರೆ ಹೋಗುತ್ತದೆ. ಇಪ್ಪತ್ತು ಸೆಕೆಂಡಿನ ಚಿತ್ರಕ್ಕೆ ಬಳಸಿದ್ದು ಇದು:

```
ffmpeg -i 07.png -vf "scale=8000:-2,zoompan=z='1+0.00016*on':x='iw/2-iw/zoom/2':y='ih/2-ih/zoom/2':d=500:s=1920x1080:fps=25" -pix_fmt yuv420p 07.mp4
```

ಇನ್ನೊಂದು ತೊಂದರೆ ಮಕ್ಕಳಿಂದ ತಿಳಿಯಿತು. ಎಲ್ಲ ಚಿತ್ರವೂ ಚಲಿಸಿದಾಗ ಅವರು ಚಲನೆ ಎಲ್ಲಿಗೆ ಮುಟ್ಟುತ್ತದೆಂದು ಕಾಯುತ್ತ ಕಥೆ ಕೇಳುವುದನ್ನು ಬಿಟ್ಟರು. ಈಗ ನಾಲ್ಕು ಚಿತ್ರಗಳಿಗೆ ಮಾತ್ರ ಚಲನೆ ಇದೆ, ಉಳಿದ ಹತ್ತು ಸುಮ್ಮನೆ ನಿಂತಿವೆ. ಬಾಗಿಲಿನ ಚಿತ್ರವಂತೂ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಾಗೆಯೇ ಇದ್ದರೂ ಯಾರೂ ಬೇಸರಪಡಲಿಲ್ಲ, ಏಕೆಂದರೆ ಅಲ್ಲಿ ಕಾಯುವುದೇ ಕಥೆ.

ಚಿತ್ರ ಬದಲಾಗುವುದು ಬಿಡುವಿನಲ್ಲಿ, ಮುಂದಿನ ವಾಕ್ಯಕ್ಕೆ ಅರ್ಧ ಸೆಕೆಂಡು ಮೊದಲು. ಇದಕ್ಕೆ ಒಂದೇ ಅಪವಾದ ಸಗಣಿಯ ಮನೆ ಕರಗಿದ ಚಿತ್ರ. ಅದು ಮೊದಲೇ ಬಂದಾಗ ದೊಡ್ಡವಳು "ಮನೆ ಹೋಯ್ತು" ಎಂದು ಅಜ್ಜಿಗಿಂತ ಮುಂಚೆ ಹೇಳಿಬಿಟ್ಟಳು. ಅಲ್ಲಿ ಮಾತು ಮುಗಿದು, ಸದ್ದೂ ಮುಗಿದ ಮೇಲೆ ಚಿತ್ರ ಬರುವಂತೆ ತಿರುಗಿಸಿದೆ. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಕೈಬಿಟ್ಟ ಸದ್ದು ಅದು.

ಖರ್ಚು: ಮೈಕು 850, ಕಾಗದ 600, ಹತ್ತೊಂಬತ್ತು ಹಾಳೆಗಳ ಸ್ಕ್ಯಾನಿಗೆ ತಲಾ ಹತ್ತರಂತೆ 190, ತಗಡು 70, ಒಟ್ಟು 1,710 ರೂಪಾಯಿ. ಬಣ್ಣ, ರಾಗಿ, ಕಡಲೆ ಮನೆಯವು.

ಒಂದು ದೋಷ ಹಾಗೇ ಉಳಿದಿದೆ. ಮೊದಲ ದಿನದ ಮುದ್ರಿಕೆಯಿಂದ ಎತ್ತಿಕೊಂಡ ತುಣುಕೊಂದರಲ್ಲಿ, 6 ನಿಮಿಷ 12ನೆಯ ಸೆಕೆಂಡಿಗೆ, "ಆಮೇಲೆ" ಎಂಬ ಪದದ ಅಡಿಯಲ್ಲಿ ಹುಡುಗಿಯ ಒಂದು ಹೂಂ ಸಿಕ್ಕಿಕೊಂಡಿದೆ. ನಾಲ್ಕು ಬಗೆಯಲ್ಲಿ ಕತ್ತರಿಸಿ ನೋಡಿದೆ, ಪ್ರತಿ ಸಲವೂ "ಆಮೇಲೆ" ತುಂಡಾಯಿತು. ಆ ಒಂದು ವಾಕ್ಯವನ್ನು ಮತ್ತೆ ಹೇಳಿಸೋಣವೆಂದರೆ ಅಮ್ಮನಿಗೆ ನೆಗಡಿ, ಧ್ವನಿ ಕೂಡುತ್ತಿಲ್ಲ, ಹೊರಗೆ ಮಳೆಯೂ ಬಿಟ್ಟಿಲ್ಲ.